ಚೊಗರಿನ ಸಾಕ್ಷಿ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಟಿದ್ದ ಬಾಡಿಗೆ ಕಾರಿನ ಕನ್ನಡಿಗೆ ನೇತುಹಾಕಿದ್ದ ಪುಟ್ಟ ಸೀಸೆಯ ಮೇಲೆ ‘ಮಲೆನಾಡಿನ ಮೊದಲ ಮಳೆ’ ಎಂದು ಬರೆದಿತ್ತು. ಒಳಗಿದ್ದದ್ದು ಅಗ್ಗದ ಶಾಂಪೂವಿನ ವಾಸನೆ. ಮಲೆನಾಡಿನ ಹೆಸರಿನಲ್ಲಿ ಏನನ್ನು ಬೇಕಾದರೂ ಸೀಸೆಗೆ ತುಂಬಿ ಮಾರಬಹುದೆಂದು ನಂಬಿರುವವರ ಮೇಲೆ ನನಗೆ ಬಹುದಿನದ ಕೋಪವಿದೆ. ಅದರ ಜೊತೆಗೆ ತಲೆನೋವೂ ಶುರುವಾದ್ದರಿಂದ ಮಂಡಗದ್ದೆ ದಾಟಿದ ಮೇಲೆ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದೆ. ಅಡಿಕೆ ಕೊಯ್ಲಿನ ಕಾಲ. ರಸ್ತೆಬದಿಯ ಯಾವುದೋ ಮನೆಯ ಅಂಗಳದಲ್ಲಿ ಹಂಡೆ ಏರಿಸಿ ಅಡಿಕೆ ಬೇಯಿಸುತ್ತಿದ್ದರು. ಅಡಿಕೆ ಬೆಂದ ಕೆಂಪು ನೀರಾದ ಚೊಗರಿನ ಆ ಒಗರು ವಾಸನೆ ಸೌದೆಯ ಹೊಗೆಯನ್ನೂ ಕರೆದುಕೊಂಡು ಒಳಗೆ ನುಗ್ಗಿದ್ದೇ ತಡ, ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಅಕ್ಕ ಎದ್ದು ಕೂತು, “ಚೊಗರು ಚೆಲ್ಲಿದ್ದಕ್ಕೆ ಅಜ್ಜ ನಿನಗೆ ಬಾರಿಸಿದ್ದು ನೆನಪಿದೆಯೇನೋ?” ಎಂದಳು.

ನೆನಪಿಲ್ಲದೆ ಏನು? ಆದರೆ ಪೆಟ್ಟು ತಿಂದದ್ದು ನಾನಲ್ಲ, ಅವಳು. ಹಿಂದಿನ ವರ್ಷದಿಂದ ಕಾಪಾಡಿಟ್ಟ ಹಳೇ ಚೊಗರನ್ನು ಹೊಸ ಅಡಿಕೆಗೆ ಬಣ್ಣ ಬರಲೆಂದು ಹಂಡೆಗೆ ಬೆರೆಸುವುದು ಪದ್ಧತಿ. ಒಲೆಯ ಪಕ್ಕದಲ್ಲಿ ತಂದಿಟ್ಟಿದ್ದ ಆ ಮಂದ ಚೊಗರಿನ ಕೊಡಪಾನವನ್ನು ಅಕ್ಕನ ಲಂಗದ ಅಂಚು ತಾಗಿ ಉರುಳಿಸಿತ್ತು. ಅಂಗಳದಲ್ಲಿ ಕೆಂಪಗೆ ಹರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಕ್ಕನ ಪ್ರಕಾರ ಅದನ್ನು ಉರುಳಿಸಿದ್ದು ನಾನು ಓಡಿಸುತ್ತಿದ್ದ ಸೈಕಲ್ ಟಯರು. “ಈ ವಾಸನೆ ಬಂದ ಕೂಡಲೆ ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ, ಸುಳ್ಳು ಹೇಳಬೇಡ” ಎಂದಳು. ನನಗೂ ಕಣ್ಣಿಗೆ ಕಟ್ಟಿದ ಹಾಗೆಯೇ ಕಾಣುತ್ತಿತ್ತು. ಒಂದೇ ಕಿಟಕಿಯಿಂದ ಬಂದ ಒಂದೇ ಗಾಳಿ ಒಂದೇ ತಾಯಿಯ ಮಕ್ಕಳಿಬ್ಬರಿಗೆ ಎರಡು ಬಗೆಯ ಸಾಕ್ಷಿ ಹೇಳಿತ್ತು.

ಇಲ್ಲಿ ಮೂಗಿನ ದಾರಿಯನ್ನು ಸ್ವಲ್ಪ ನೋಡಬೇಕಾಗುತ್ತದೆ. ಕಣ್ಣು, ಕಿವಿ, ಚರ್ಮ ಇವು ತರುವ ಸುದ್ದಿಯೆಲ್ಲ ಮಿದುಳಿನ ನಡುವಿನ ಥಲಾಮಸ್ ಎಂಬ ಚಾವಡಿಯಲ್ಲಿ ಒಮ್ಮೆ ಕೂತು, ವಿಚಾರಿಸಿಕೊಂಡು, ಆಮೇಲೆ ಒಳಮನೆಗೆ ಹೋಗುತ್ತದೆ. ವಾಸನೆಯೊಂದು ಮಾತ್ರ ಹಿತ್ತಿಲ ಬಾಗಿಲಿನಿಂದ ನೇರವಾಗಿ ಅಡುಗೆಮನೆಗೇ ಬರುವ ನೆಂಟ. ಮೂಗಿನ ಮೇಲ್ತುದಿಯ ಸಣ್ಣ ಪೊರೆಯಲ್ಲಿ ವಾಸನೆಯನ್ನು ಹಿಡಿಯುವ ಸುಮಾರು 400 ಬಗೆಯ ಗ್ರಾಹಕಗಳಿವೆ. ಇಂಥ ಗ್ರಾಹಕಗಳ ವಂಶವಾಹಿಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ತೋರಿಸಿಕೊಟ್ಟರು, 2004ರಲ್ಲಿ ನೊಬೆಲ್ ಪಡೆದರು. ಅಲ್ಲಿಂದ ಹೊರಟ ನರದ ಎಳೆಗಳು ತೂತುತೂತಾದ ಎಲುಬೊಂದನ್ನು ಹಾದು, ಅದರ ಮೇಲೆಯೇ ಕೂತಿರುವ ಘ್ರಾಣಗಡ್ಡೆಯನ್ನು ಸೇರುತ್ತವೆ. ಭಯ, ಪ್ರೀತಿ, ಅಸಹ್ಯಗಳ ಲೆಕ್ಕ ಇಡುವ ಅಮಿಗ್ಡಲ ಅಲ್ಲಿಂದ ಒಂದೇ ಹೆಜ್ಜೆ; ನೆನಪನ್ನು ಕಟ್ಟುವ ಹಿಪೊಕ್ಯಾಂಪಸ್ ಇನ್ನೊಂದು ಹೆಜ್ಜೆ. ಹೀಗಾಗಿ ಇದು ಯಾವ ವಾಸನೆ ಎಂದು ಹೆಸರು ಹೊಳೆಯುವ ಮೊದಲೇ ಗಂಟಲು ಕಟ್ಟಿರುತ್ತದೆ.

ಈ ಮಾತನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ ಎಂಬುದು ನನ್ನ ತಕರಾರು. ದಾರಿ ಹತ್ತಿರದ್ದು ಎಂಬುದರಿಂದ ಗಂಟಲು ಕಟ್ಟುವುದಕ್ಕೆ ಕಾರಣ ಸಿಕ್ಕೀತು, ಬಾಲ್ಯವೇ ಯಾಕೆ ಬರಬೇಕು ಎಂಬುದಕ್ಕೆ ಸಿಗುವುದಿಲ್ಲ. ಮೂಗಿನ ದಾರಿ ನಲವತ್ತರಲ್ಲಿಯೂ ಅಷ್ಟೇ ಹತ್ತಿರವಿರುತ್ತದೆಯಲ್ಲ? ಸ್ವೀಡನ್ನಿನ ವಿಲಾಂಡರ್ ಮತ್ತು ಲಾರ್ಸನ್ ಎಂಬಿಬ್ಬರು 65 ದಾಟಿದ ಹಿರಿಯರನ್ನು ಕೂರಿಸಿಕೊಂಡು ಕೆಲವರಿಗೆ ಪದಗಳನ್ನು, ಕೆಲವರಿಗೆ ಚಿತ್ರಗಳನ್ನು, ಕೆಲವರಿಗೆ ವಾಸನೆಗಳನ್ನು ಕೊಟ್ಟು, ಇದರಿಂದ ನಿಮ್ಮ ಬದುಕಿನ ಯಾವ ಘಟನೆ ನೆನಪಾಗುತ್ತದೆ ಎಂದು ಕೇಳಿ, ಫಲವನ್ನು 2006ರಲ್ಲಿ ಪ್ರಕಟಿಸಿದರು. ಪದ ಮತ್ತು ಚಿತ್ರಗಳು ಹೆಚ್ಚಾಗಿ ಹರೆಯದ ದಿನಗಳನ್ನು ಎತ್ತಿ ತಂದರೆ, ವಾಸನೆಗಳು ಹತ್ತು ವರ್ಷದೊಳಗಿನ ದಿನಗಳನ್ನು ತಂದವು. ಇದಕ್ಕೆ ಸಿಗುವ ಒಳ್ಳೆಯ ಉತ್ತರವೆಂದರೆ, ವಾಸನೆಯ ವಿಷಯದಲ್ಲಿ ಮೊದಲು ಬಂದವರಿಗೇ ಜಾಗ ಎಂಬುದು. ಇಸ್ರೇಲಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಂದೇ ವಸ್ತುವಿನ ಜೊತೆಗೆ ಮೊದಲು ಒಂದು ವಾಸನೆಯನ್ನೂ ಆಮೇಲೆ ಇನ್ನೊಂದನ್ನೂ ಜೋಡಿಸಿದಾಗ, ಮೊದಲ ಜೋಡಣೆಗೆ ಮಾತ್ರ ಹಿಪೊಕ್ಯಾಂಪಸ್‌ನಲ್ಲಿ ಬೇರೆಯೇ ಗುರುತು ಬಿದ್ದಿತ್ತು. ಶಬ್ದಗಳನ್ನು ಜೋಡಿಸಿದಾಗ ಹಾಗಾಗಲಿಲ್ಲ. ಬದುಕಿನ ಬಹುಪಾಲು ವಾಸನೆಗಳನ್ನು ನಾವು ಮೊದಲು ಮೂಸುವುದು ಚಿಕ್ಕಂದಿನಲ್ಲಿ. ಆಗ ಹತ್ತಿರ ಯಾರಿದ್ದರೋ, ಏನಾಗಿತ್ತೋ, ಅದು ಅಂಟಿಕೊಳ್ಳುತ್ತದೆ.

ಅಂಟಿಕೊಂಡದ್ದು ಉಳಿಯುವುದಕ್ಕೂ ಒಂದು ಷರತ್ತಿದೆ, ಅದು ನಮ್ಮ ಮನೆಯಲ್ಲಿಯೇ ಸಿಕ್ಕಿತು. ಊರಿನಲ್ಲಿಯೇ ಉಳಿದು ತೋಟ ನೋಡಿಕೊಂಡಿರುವ ತಮ್ಮ ಪ್ರತಿವರ್ಷ ಅದೇ ಹಂಡೆಯ ಮುಂದೆ ನಿಂತು ಅದೇ ಹೊಗೆ ಕುಡಿಯುತ್ತಾನೆ. ನಾವು ಮನೆ ಮುಟ್ಟಿ ಜಗಳವನ್ನು ಅವನ ಮುಂದಿಟ್ಟಾಗ ಆತ ಹಂಡೆಯ ಮೇಲೆ ಬಗ್ಗಿ ಧಾರಾಳವಾಗಿ ಉಸಿರೆಳೆದುಕೊಂಡು, “ನನಗೆ ಇದರಲ್ಲಿ ಅಡಿಕೆ ಕೊಯ್ದ ಕೊನೆಗಾರನಿಗೆ ಕೊಡಬೇಕಾದ ಬಾಕಿ ಬಿಟ್ಟರೆ ಏನೂ ನೆನಪಾಗುವುದಿಲ್ಲ ಮಾರಾಯ” ಎಂದ. ಒಂದೇ ವಾಸನೆಗೆ ನೂರು ದಿನಗಳು ಜೋಡಿಕೊಂಡಾಗ ಅದು ಯಾವ ಒಂದು ದಿನವನ್ನೂ ಸರಿಯಾಗಿ ಎತ್ತಿಕೊಡಲಾರದು. ಚೊಗರು ನನಗೆ ಅಜ್ಜನನ್ನು ತಂದುಕೊಡುವುದಕ್ಕೆ ಕಾರಣ ನಾನು ಊರು ಬಿಟ್ಟದ್ದು, ಬಿಟ್ಟಮೇಲೆ ಅದನ್ನು ಹೆಚ್ಚು ಮೂಸದೆ ಇದ್ದದ್ದು. ಊರಿನ ವಾಸನೆಗೆ ಕಣ್ಣೀರು ಹಾಕುವವರೆಲ್ಲ ಊರಿನಲ್ಲಿ ಇಲ್ಲದವರೇ ಯಾಕೆ ಎಂದು ತಮ್ಮ ಕೇಳುವುದುಂಟು. ಆ ಪ್ರಶ್ನೆ ನನಗೆ ಅಷ್ಟಾಗಿ ಹಿಡಿಸುವುದಿಲ್ಲ.

ಇಷ್ಟಾದರೂ ಅಕ್ಕನ ಪೆಟ್ಟೋ ನನ್ನ ಪೆಟ್ಟೋ ಎಂಬುದು ತೀರ್ಮಾನವಾಗಲಿಲ್ಲ. ವಾಸನೆಯಿಂದ ಬಂದ ನೆನಪು ಸುಳ್ಳಾಗುವುದಿಲ್ಲ ಎಂದು ಅವಳ ವಾದ. ರೇಚಲ್ ಹರ್ಜ್ ಎಂಬ ಮನಶ್ಶಾಸ್ತ್ರಜ್ಞೆ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ: ವಾಸನೆಯಿಂದ ಎದ್ದ ನೆನಪಿನಲ್ಲಿ ಭಾವ ಹೆಚ್ಚು, ಅಲ್ಲಿಗೇ ಹೋಗಿ ನಿಂತ ಅನುಭವ ಹೆಚ್ಚು, ಆದರೆ ಕರಾರುವಾಕ್ಕುತನ ಹೆಚ್ಚಲ್ಲ. ಎದೆ ಹೊಡೆದುಕೊಳ್ಳುವುದನ್ನೇ ನಾವು ಪುರಾವೆ ಎಂದುಕೊಳ್ಳುತ್ತೇವೆ. ಇದನ್ನು ಅಕ್ಕನಿಗೆ ಸಾವಧಾನವಾಗಿ ವಿವರಿಸಿದೆ. “ಹಾಗಾದರೆ ನಿನ್ನದೇ ಸುಳ್ಳು ಅಂತಾಯಿತು” ಎಂದಳು. ವಿಜ್ಞಾನವನ್ನು ಅರ್ಧಕ್ಕೇ ಹಿಡಿದು ಓಡುವವರ ಜೊತೆ ವಾದ ಮಾಡಬಾರದು.

ವಾಸನೆಯ ಸಾಕ್ಷ್ಯ ನಿಲ್ಲುತ್ತದೋ ಇಲ್ಲವೋ ತಿಳಿಯಬೇಕಾದರೆ ಮೂಗಿಲ್ಲದ ಇನ್ನೊಂದು ಸಾಕ್ಷಿ ಬೇಕು. ಅಜ್ಜ ಕೊಯ್ಲಿನ ದಿನಗಳ ಖರ್ಚನ್ನೆಲ್ಲ ಕಿರ್ದಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಚೊಗರು ನಷ್ಟವಾಗಿದ್ದರೆ, ಮಾಡಿದವರ ಹೆಸರು ಹಾಕಿ ಬರೆಯದೆ ಬಿಡುವ ಮನುಷ್ಯ ಅಲ್ಲ. ತಮ್ಮ ಅಟ್ಟ ಹತ್ತಿ ಪುಸ್ತಕಗಳನ್ನು ಇಳಿಸಿಕೊಟ್ಟ. ನಾನು ವರ್ಷ ಹುಡುಕುತ್ತಿದ್ದಂತೆ ಅಕ್ಕ ಒಂದನ್ನು ಎತ್ತಿಕೊಂಡು, ತೆರೆಯುವ ಗೋಜಿಗೇ ಹೋಗದೆ ಮೂಗಿಗೆ ಒತ್ತಿಕೊಂಡು ದೀರ್ಘವಾಗಿ ಮೂಸಿದಳು. “ಈಗ ಇನ್ನೂ ಸ್ಪಷ್ಟವಾಯಿತು ನೋಡು, ಟಯರು ನಿನ್ನದಲ್ಲ, ಇವನದು” ಎಂದು ತಮ್ಮನ ಕಡೆ ಬೆರಳು ತೋರಿಸಿದಳು. ಆ ವರ್ಷ ಇನ್ನೂ ತೊಟ್ಟಿಲಲ್ಲಿದ್ದ ತಮ್ಮ ಈಗ ತನ್ನ ಪರವಾಗಿ ವಾದ ಮಾಡುತ್ತಿದ್ದಾನೆ.