ಸತ್ಯಾಂಶ: ದೊಡ್ಡ ಎಂಸಿಬಿ ಹಾಕಿದರೆ ತೊಂದರೆ ತೀರುವುದೇ?

“ಗೀಸರ್ ಹಾಕಿದರೆ 16 ಆಂಪಿಯರ್ ಎಂಸಿಬಿ ಟ್ರಿಪ್ ಆಗುತ್ತದೆ, 32ರದ್ದು ಹಾಕಿ ಎಂಬ ಸಂದೇಶ ಬಂದಿದೆ. ಕಾರವಾರದ ನಮ್ಮ ಮನೆಯ ಬೋರ್ಡಿನ ಫೋಟೋ ಇದು, ನಡೆಯುತ್ತದೆಯೇ?”

ನಡೆಯುವುದಿಲ್ಲ. ಹೆಚ್ಚು ವಿದ್ಯುತ್ ಹರಿದರೆ ತಾನೇ ಆಫ್ ಆಗುವ ಎಂಸಿಬಿ ಕಾಯುವುದು ಮುಖ್ಯವಾಗಿ ತಂತಿಯನ್ನು. ಗೋಡೆಯೊಳಗಿನದು 1.5 ಚದರ ಮಿಲಿಮೀಟರಿನ ತಂತಿಯಾಗಿದ್ದರೆ, 32ರ ಎಂಸಿಬಿ ಟ್ರಿಪ್ ಆಗುವ ಮೊದಲೇ ಅದರ ಹೊದಿಕೆ ಕರಗಬಹುದು. 2000 ವಾಟಿನ ಗೀಸರ್ 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 8.7 ಆಂಪಿಯರ್ ಮಾತ್ರ. ಆದ್ದರಿಂದ ಗೀಸರಿನ ಕಾಯಿಲ್ ಕೆಟ್ಟಿರಬಹುದು, ಅದೇ ಸಾಲಿನಲ್ಲಿ ಬೇರೆ ಲೋಡ್ ಇರಬಹುದು, ಅಥವಾ ಕಡಲ ಉಪ್ಪುಗಾಳಿಗೆ ಕಿಲುಬು ಹಿಡಿದ ಟರ್ಮಿನಲ್ ಬಿಸಿಯಾಗುತ್ತಿರಬಹುದು. ಹಸಿರು ಕಿಲುಬು, ಕಂದಿದ ಹೊದಿಕೆ ಫೋಟೋದಲ್ಲಿ ಕಾಣುತ್ತವೆ. ಅರ್ಥಿಂಗ್, ಸ್ಕ್ರೂಗಳ ಬಿಗಿ, ಗೋಡೆಯೊಳಗಿನ ತಂತಿ ಕಾಣುವುದಿಲ್ಲ. ಮೇನ್ ಆಫ್ ಮಾಡಿದರೂ ಮೀಟರ್ ಕಡೆಯ ತಂತಿಯಲ್ಲಿ ವಿದ್ಯುತ್ ಇದ್ದೇ ಇರುವುದರಿಂದ ಮುಚ್ಚಳ ತೆಗೆಯಬೇಡಿ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಪರೀಕ್ಷಿಸುವವರೆಗೆ ಗೀಸರ್ ಬಳಸಬೇಡಿ.