ಗಾಂಧಾರಿಯನ್ನು ಗಂಗೂಬಾಯಿಯವರ ದನಿಗೆ ಇಳಿಸಬೇಡಿ

ಡೊಂಬಿವಲಿಯಲ್ಲಿರುವ ನಮ್ಮ ಧಾರವಾಡದ ಕಡೆಯ ಗೆಳೆಯರೊಬ್ಬರು ಕಳೆದ ತಿಂಗಳು ನನಗೊಂದು ಧ್ವನಿಮುದ್ರಣ ಕಳಿಸಿದರು. ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಳೆಯ ಗ್ರಾಮಫೋನ್ ತಟ್ಟೆಗಳ ರಾಶಿಯಿಂದ ಆರಿಸಿ ತಂದ ಒಂದು ಎಚ್‌ಎಂವಿ ತಟ್ಟೆಯನ್ನು ಮನೆಯಲ್ಲೇ ಕಂಪ್ಯೂಟರಿಗೆ ಇಳಿಸಿಕೊಂಡಿದ್ದರು. ತಟ್ಟೆಯ ಲೇಬಲ್ ಅರ್ಧ ಸವೆದಿತ್ತು, ಆದರೂ ಗಾಂಧಾರಿ ಎಂಬ ಹೆಸರು ಓದುವಂತಿತ್ತು. ಅದು ಗಂಗೂಬಾಯಿ ಹಾನಗಲ್ ಅವರ ಮೊದಲ ಹೆಸರೆಂದು ಗೊತ್ತಿದ್ದ ಗೆಳೆಯರು ಸಹಜವಾಗಿಯೇ ಹಿಗ್ಗಿದ್ದರು. ಅವರು ಕಳಿಸಿದ ಕಡತಕ್ಕೆ ಗಂಗೂಬಾಯಿ ಹಾನಗಲ್ ಎಂಬ ಶೀರ್ಷಿಕೆಯಿತ್ತು, ಗಾಂಧಾರಿಯ ಹೆಸರು ಎಲ್ಲಿಯೂ ಇರಲಿಲ್ಲ. ಕೇಳಿದರೆ ನಾವೆಲ್ಲ ಬಲ್ಲ ಆ ಗಂಭೀರವಾದ, ಗಂಡುದನಿಗೆ ಹತ್ತಿರವಾದ ಕಂಠವೇ ಕೇಳಿಸಿತು. ನನಗೆ ಅನುಮಾನ ಹುಟ್ಟಿದ್ದು ಅದೇ ಕಾರಣಕ್ಕೆ.

1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಈ ಗಾಯಕಿ 1930ರ ದಶಕದಲ್ಲಿ ಮುಂಬಯಿಗೆ ಬಂದು ಎಚ್‌ಎಂವಿಗೆ ಹಾಡತೊಡಗಿದಾಗ ಇಪ್ಪತ್ತರ ಆಸುಪಾಸಿನ ಹೆಣ್ಣುಮಗಳು. ಆ ಕಾಲದ ತಟ್ಟೆಗಳ ಮೇಲೆ ಅವರ ಹೆಸರು ಗಾಂಧಾರಿ ಹಾನಗಲ್. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತ ಹಾಡುತ್ತಿದ್ದವರು, ಮಗಳು ಕಲಿತದ್ದು ಹಿಂದೂಸ್ತಾನಿ. ಕುಂದಗೋಳದ ಸವಾಯಿ ಗಂಧರ್ವರ ಬಳಿ ಅವರು ಬಿಡುವಿಲ್ಲದೆ ತಾಲೀಮು ಪಡೆದದ್ದು ಆ ದಶಕದ ಕೊನೆಯ ವರ್ಷಗಳಲ್ಲಿ. ಗಂಟಲಿನ ಟಾನ್ಸಿಲ್ ಚಿಕಿತ್ಸೆಯ ತರುವಾಯ ಅವರ ದನಿ ಕೆಳಗಿಳಿದು ದಪ್ಪವಾದದ್ದು ಅದಕ್ಕೂ ಆಮೇಲಿನ ಮಾತು. ಹೀಗಾಗಿ ಗಾಂಧಾರಿ ಎಂಬ ಹೆಸರಿನ ತಟ್ಟೆಗಳಲ್ಲಿರುವುದು ಎತ್ತರದ, ತೆಳುವಾದ, ಚುರುಕಾಗಿ ಓಡುವ ಹೆಣ್ಣುದನಿ. ನಾವು ಆಕಾಶವಾಣಿಯಲ್ಲೂ ಕ್ಯಾಸೆಟ್ಟಿನಲ್ಲೂ ಕೇಳಿದ ಗಂಗೂಬಾಯಿಯವರ ದನಿ ಅದಲ್ಲ. ಅಖ್ತರಿಬಾಯಿ ಫೈಜಾಬಾದಿಯವರು ಬೇಗಂ ಅಖ್ತರ್ ಆದಾಗ ಹೆಸರು ಬದಲಾಯಿತು, ಆದರೆ ಹಳೆಯ ತಟ್ಟೆ ಕೇಳಿದವರು ಅವರನ್ನು ದನಿಯಿಂದಲೇ ಗುರುತಿಸಬಲ್ಲರು. ಇಲ್ಲಿ ಹೆಸರು, ದನಿ ಎರಡೂ ಬದಲಾಗಿವೆ. ಹೀಗಾಗಿ ಈ ತಟ್ಟೆಗಳನ್ನು ಹುಡುಕುವವರ ಕಿವಿಯೇ ಅವರಿಗೆ ಮೋಸ ಮಾಡುತ್ತದೆ.

ಗೆಳೆಯರ ಕಡತದಲ್ಲಿ ನಾನು ಮೊದಲು ನೋಡಿದ್ದು ಅದರ ಉದ್ದವನ್ನು. ನಾಲ್ಕು ನಿಮಿಷ ಹತ್ತು ಸೆಕೆಂಡು ಇತ್ತು. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಬದಿಯಲ್ಲಿ ಸಾಮಾನ್ಯವಾಗಿ ಮೂರು ನಿಮಿಷದ ಆಚೀಚೆಯಷ್ಟೇ ಹಾಡು ಹಿಡಿಯುತ್ತದೆ, ತೀರಾ ಒತ್ತಿ ಕೆತ್ತಿದರೆ ಮೂರೂವರೆ ನಿಮಿಷ. ಖ್ಯಾಲಿನಂಥ ಸಾವಕಾಶದ ಗಾಯನವನ್ನು ಆಗಿನವರು ಮೂರು ನಿಮಿಷಕ್ಕೆ ಕತ್ತರಿಸಿ ಹಾಡಬೇಕಾಗಿದ್ದುದು ಈ ಮಿತಿಯಿಂದಲೇ. ನಾಲ್ಕು ನಿಮಿಷ ದಾಟಿದ ಹತ್ತಂಗುಲದ ಬದಿಯೆಂದರೆ ಬಹುಪಾಲು ವೇಗ ತಪ್ಪಿದೆ ಎಂದೇ ಅರ್ಥ.

ಫೋನ್ ಮಾಡಿ ವಿಚಾರಿಸಿದೆ. ಅವರ ಪ್ಲೇಯರಿನಲ್ಲಿ 33 ಮತ್ತು 45ರ ವೇಗಗಳು ಮಾತ್ರ ಇದ್ದವು, 78 ಇರಲಿಲ್ಲ. 45ರಲ್ಲಿ ಓಡಿಸಿ ಮುದ್ರಿಸಿಕೊಂಡು ಆಮೇಲೆ ಕಂಪ್ಯೂಟರಿನಲ್ಲಿ ವೇಗ ಹೆಚ್ಚಿಸಿದ್ದರು. ಈ ದಾರಿಯಲ್ಲಿ ತಪ್ಪೇನಿಲ್ಲ, ಅನೇಕರು ಹೀಗೆಯೇ ಮಾಡುತ್ತಾರೆ. 78ನ್ನು 45ರಿಂದ ಭಾಗಿಸಿದರೆ 1.733 ಬರುತ್ತದೆ, ಅಷ್ಟು ಪಟ್ಟು ವೇಗ ಹೆಚ್ಚಿಸಿದರೆ ಸರಿಯಾದ ಹಾಡು ಸಿಗುತ್ತದೆ. ಗೆಳೆಯರು ಲೆಕ್ಕ ಹಾಕಿರಲಿಲ್ಲ. ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗಿ, ದನಿಯು ಗಂಗೂಬಾಯಿಯವರದಂತೆ ಕೇಳಿಸಿದ ಕೂಡಲೇ ನಿಲ್ಲಿಸಿದ್ದರು. ಅವರು ನಿಂತದ್ದು 1.3ರಲ್ಲಿ. ಅಂದರೆ ತಟ್ಟೆ ನಿಮಿಷಕ್ಕೆ 78 ಸುತ್ತುವ ಬದಲು ಸುಮಾರು 58 ಸುತ್ತಿದಂತಾಗಿತ್ತು. ವೇಗವು ಕಾಲುಭಾಗ ಇಳಿದಾಗ ಶ್ರುತಿಯೂ ಇಳಿಯುತ್ತದೆ, ಎಷ್ಟೆಂದರೆ ಷಡ್ಜವು ಮಂದ್ರ ಪಂಚಮದ ಜಾಗಕ್ಕೆ ಹೋಗಿ ಕೂರುತ್ತದೆ. ಹಾರ್ಮೋನಿಯಂ ನುಡಿಸುವವರಿಗೆ ಹೇಳುವುದಾದರೆ, ಬಿಳಿ ಕಪ್ಪು ಎರಡನ್ನೂ ಎಣಿಸಿಕೊಂಡು ಐದು ಮನೆ ಕೆಳಗೆ. ಇಪ್ಪತ್ತರ ಹರೆಯದ ಹೆಣ್ಣಿನ ದನಿಯನ್ನು ನಡುವಯಸ್ಸಿನ ಗಂಗೂಬಾಯಿಯವರ ದನಿಯಾಗಿ ಮಾಡಲು ಅಷ್ಟು ಸಾಕು.

ಗೆಳೆಯರ ಮೇಲೆ ನನಗೆ ಸಿಟ್ಟಿಲ್ಲ. ಅವರು ಪ್ರೀತಿಯಿಂದಲೇ ತಪ್ಪಿದರು, ಬಲ್ಲ ದನಿಯನ್ನು ಹುಡುಕುತ್ತ ಹೋಗಿ ಅದನ್ನು ತಾವೇ ತಯಾರಿಸಿಬಿಟ್ಟರು. ಆದರೆ ಆ ಕಡತ ಹಾಗೆಯೇ ಅಂತರ್ಜಾಲಕ್ಕೆ ಹೋಗಿದ್ದರೆ, ನಾಳೆ ಯಾರಾದರೂ ಅದನ್ನು ಕೇಳಿ, ಗಂಗೂಬಾಯಿಯವರ ದನಿ ಮೊದಲಿನಿಂದಲೂ ಹೀಗೆಯೇ ಇತ್ತು, ದನಿ ಬದಲಾದ ಕಥೆ ಸುಳ್ಳು ಎಂದು ವಾದಿಸಲು ಅದೇ ಆಧಾರವಾಗುತ್ತಿತ್ತು.

ವೇಗ ತಪ್ಪಿದ್ದನ್ನು ಉದ್ದ ನೋಡದೆಯೂ ಕಂಡುಹಿಡಿಯಬಹುದು. ದನಿಯನ್ನು ಬಿಟ್ಟು ಪಕ್ಕವಾದ್ಯಕ್ಕೆ ಕಿವಿ ಕೊಡಬೇಕು. ಗೆಳೆಯರ ಕಡತದಲ್ಲಿ ತಬಲಾದ ಕಿನಾರಿನ ಪೆಟ್ಟು ಟಣ್ ಎನ್ನುವ ಬದಲು ಮೆತ್ತನೆಯ ಹಲಗೆ ಬಡಿದಂತೆ ಕೇಳುತ್ತಿತ್ತು. ವ್ಯಂಜನಗಳು ನಾಲಗೆ ದಪ್ಪವಾದವರು ಆಡಿದಂತೆ ಎಳೆದುಕೊಂಡು ಬರುತ್ತಿದ್ದವು. ಇನ್ನೂ ಗಟ್ಟಿಯಾದ ಪರೀಕ್ಷೆಯೆಂದರೆ ಯುಗಳಗೀತೆ. ಗಾಂಧಾರಿಯವರು ಜಿ. ಎನ್. ಜೋಶಿಯವರೊಂದಿಗೆ ಮರಾಠಿ ಭಾವಗೀತೆ ಹಾಡಿ ಮುದ್ರಿಸಿದ್ದಾರೆ. ಮುಂದೆ ಎಚ್‌ಎಂವಿಯಲ್ಲೇ ಮುದ್ರಣದ ಹೊಣೆ ಹೊತ್ತ ಜೋಶಿಯವರ ದನಿ ಅವರದೇ ಬೇರೆ ತಟ್ಟೆಗಳಿಂದ ನಮಗೆ ಚೆನ್ನಾಗಿ ಗೊತ್ತು. ಆ ಯುಗಳಗೀತೆಯನ್ನು ಸರಿಯಾದ ವೇಗದಲ್ಲಿ ಕೇಳಿದರೆ ಜೋಶಿಯವರು ಜೋಶಿಯವರಂತೆಯೇ ಇರುತ್ತಾರೆ, ಅವರ ಪಕ್ಕದಲ್ಲಿ ಗಾಂಧಾರಿಯ ದನಿ ಎತ್ತರದಲ್ಲಿ ನಿಲ್ಲುತ್ತದೆ. ಗಾಂಧಾರಿಯನ್ನು ಗಂಗೂಬಾಯಿಯವರ ಮಟ್ಟಕ್ಕೆ ಇಳಿಸಲು ಹೊರಟರೆ ಜೋಶಿಯವರು ಬಾವಿಯೊಳಗಿಂದ ಮಾತಾಡಿದಂತೆ ಕೇಳುತ್ತಾರೆ. ನಾನು ಗೆಳೆಯರಿಗೆ ಮನವರಿಕೆ ಮಾಡಿಕೊಟ್ಟದ್ದು ಹೀಗೆಯೇ. ಆ ಕಾಲದ ತಟ್ಟೆಗಳೆಲ್ಲ ಕರಾರುವಾಕ್ಕಾಗಿ 78ರಲ್ಲೇ ಕೆತ್ತಿದವುಗಳಲ್ಲ, ಒಂದೆರಡು ಸುತ್ತು ಹೆಚ್ಚುಕಡಿಮೆ ಇರುವುದುಂಟು ಎಂಬುದು ನಿಜ. ಆದರೆ 78ಕ್ಕೂ 80ಕ್ಕೂ ನಡುವಿನ ವ್ಯತ್ಯಾಸ ಅರ್ಧ ಸ್ವರಸ್ಥಾನವನ್ನೂ ಮುಟ್ಟುವುದಿಲ್ಲ. ಐದು ಮನೆ ಇಳಿಸಲು ಅದು ನೆಪವಾಗಲಾರದು.

ಸರಿಪಡಿಸಿದ ಕಡತ ಮೂರು ನಿಮಿಷ ಎಂಟು ಸೆಕೆಂಡಿಗೆ ಬಂದು ನಿಂತಿತು. ಅದನ್ನು ಗೆಳೆಯರ ಮನೆಯಲ್ಲೇ ಕೇಳಿದೆವು. ಹುಬ್ಬಳ್ಳಿಯಲ್ಲಿ ಗಂಗೂಬಾಯಿಯವರ ಬೈಠಕ್ಕುಗಳನ್ನು ಎದುರಿಗೆ ಕೂತು ಕೇಳಿದ್ದ ಅವರ ತಾಯಿ ಅಡುಗೆಮನೆಯಿಂದ ಬಂದು ನಿಂತು, “ಇದು ಬಾಯಾರ ದನಿ ಅಲ್ಲಪಾ ತಮ್ಮಾ, ಯಾವುದೋ ಸಣ್ಣ ಹುಡಿಗೀದು” ಎಂದರು. ಅವರಿಗೆ ಹಾಗೆನ್ನಿಸಿದ್ದು ಸರಿಯೇ. ಆದರೆ ಈ ಮಾತು ಇನ್ನೊಂದು ಪ್ರಶ್ನೆಯನ್ನು ಎಬ್ಬಿಸಿತು. ದನಿಯಿಂದ ಗುರುತಿಸಲಾಗದು, ಲೇಬಲ್ ಸವೆದಿದೆ. ಹಾಗಿರುವಾಗ ಇವರು ನಮ್ಮ ಗಾಂಧಾರಿಯೇ ಎಂದು ಹೇಗೆ ಹೇಳುವುದು?

ಅದಕ್ಕೆ ತಟ್ಟೆಯನ್ನೇ ಕೇಳಬೇಕು. ಲೇಬಲ್ ಮೇಲೆ ಅಚ್ಚಾಗುವ ಸಂಖ್ಯೆ ಅಂಗಡಿಯವರ ಅನುಕೂಲಕ್ಕಾಗಿ ಕೊಟ್ಟ ಮಾರಾಟದ ಸಂಖ್ಯೆ. ಅದು ಎರಡೂ ಬದಿಗೆ ಒಂದೇ. ಹಾಡು ಮುಗಿದ ಮೇಲೆ ಗೆರೆಗಳಿಗೂ ಲೇಬಲ್ಲಿಗೂ ನಡುವೆ ಉಳಿಯುವ ನುಣುಪಾದ ಜಾಗದಲ್ಲಿ ಇನ್ನೊಂದು ಸಂಖ್ಯೆ ಮೂಡಿರುತ್ತದೆ, ಕೆಲವೊಮ್ಮೆ ಲೇಬಲ್ ಕಾಗದದ ಕೆಳಗೇ ಉಬ್ಬಿಕೊಂಡಿರುತ್ತದೆ. ಸಂಗ್ರಾಹಕರು ಅದನ್ನು ಮ್ಯಾಟ್ರಿಕ್ಸ್ ಸಂಖ್ಯೆ ಎನ್ನುತ್ತಾರೆ. ಪ್ರತಿ ಬದಿಗೂ ಬೇರೆಯಾಗಿರುವ ಆ ಸಂಖ್ಯೆ ಹಾಡಿಗೆ ಸೇರಿದ್ದಲ್ಲ, ಆ ದಿನ ಆ ಕೋಣೆಯಲ್ಲಿ ನಡೆದ ಆ ಒಂದು ಮುದ್ರಣಕ್ಕೆ ಸೇರಿದ್ದು. ಅದೇ ಮುದ್ರಣವನ್ನು ಮುಂದೆ ಬೇರೆ ಹೆಸರಿನಲ್ಲಿ, ಬೇರೆ ಲೇಬಲ್ಲಿನಲ್ಲಿ, ಬೇರೆ ಮಾರಾಟದ ಸಂಖ್ಯೆಯಲ್ಲಿ ಹೊರತಂದರೂ ಮ್ಯಾಟ್ರಿಕ್ಸ್ ಬದಲಾಗುವುದಿಲ್ಲ. ಅದೇ ಚೀಜನ್ನು ಕಲಾವಿದೆ ವರ್ಷಗಳ ನಂತರ ಮತ್ತೆ ಹಾಡಿದ್ದರೆ ಸಂಖ್ಯೆ ಬೇರೆಯಾಗಿರುತ್ತದೆ. ಗಾಂಧಾರಿ ಎಂದಿರುವ ತಟ್ಟೆಯೂ ಗಂಗೂಬಾಯಿ ಎಂದಿರುವ ತಟ್ಟೆಯೂ ಒಂದೇ ಮ್ಯಾಟ್ರಿಕ್ಸ್ ತೋರಿಸಿದರೆ ಬೇರೆ ಸಾಕ್ಷಿ ಬೇಕಿಲ್ಲ.

ಗೆಳೆಯರ ತಟ್ಟೆಯನ್ನು ಕತ್ತಲೆ ಕೋಣೆಗೆ ಒಯ್ದು ಮೊಬೈಲಿನ ಟಾರ್ಚನ್ನು ಬಹಳ ಓರೆಯಾಗಿ ಹಿಡಿದೆವು. ಎದುರಿನಿಂದ ಬೆಳಕು ಬಿಟ್ಟರೆ ಅರಗಿನ ಹೊಳಪಿನಲ್ಲಿ ಏನೂ ಕಾಣುವುದಿಲ್ಲ, ಓರೆ ಬೆಳಕಿಗೆ ಅಂಕಿಗಳು ನೆರಳಾಗಿ ಏಳುತ್ತವೆ. ಎರಡೂ ಬದಿಯ ಸಂಖ್ಯೆಗಳ ಫೋಟೋ ತೆಗೆದು, ಲೇಬಲ್ ಕೆಡದ ಪ್ರತಿಯನ್ನು ಇಟ್ಟುಕೊಂಡಿರುವ ಪುಣೆಯ ಸಂಗ್ರಾಹಕರೊಬ್ಬರಿಗೆ ಕಳಿಸಿದೆವು. ಅವರ ತಟ್ಟೆಯ ಲೇಬಲ್ಲಿನಲ್ಲಿ ಗಾಂಧಾರಿ ಹಾನಗಲ್ ಎಂಬ ಪೂರ್ತಿ ಹೆಸರಿತ್ತು, ಎರಡೂ ಮ್ಯಾಟ್ರಿಕ್ಸ್ ಸಂಖ್ಯೆಗಳು ತಾಳೆಯಾದವು. ಮುಂಬಯಿಯಲ್ಲಿ ಇಂಥ ಹೋಲಿಕೆಗೆ ನೆರವಾಗುವ ಜನ ಇದ್ದಾರೆ. 1990ರಲ್ಲಿ ಇಲ್ಲಿಯೇ ಆರಂಭವಾದ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಸಂಸ್ಥೆ ತನ್ನ ಪತ್ರಿಕೆಯಲ್ಲಿ ಹಳೆಯ ಕಲಾವಿದರ ತಟ್ಟೆಗಳ ಪಟ್ಟಿಗಳನ್ನು ತಾಳ್ಮೆಯಿಂದ ಪ್ರಕಟಿಸುತ್ತ ಬಂದಿದೆ.

ಅಂತರ್ಜಾಲದಲ್ಲಿ ಹುಡುಕುವವರಿಗೂ ಒಂದು ಮಾತು. ಗಾಂಧಾರಿ ಎಂದಷ್ಟೇ ಕೊಟ್ಟರೆ ಮಹಾಭಾರತ ಬರುತ್ತದೆ, ಅದರ ಹಿಂದೆಯೇ ಗಾಂಧಾರಿ ಎಂಬ ರಾಗ ಬರುತ್ತದೆ, ದೇವಗಾಂಧಾರಿಯೂ ಸೇರಿಕೊಳ್ಳುತ್ತದೆ. ಗಂಗೂಬಾಯಿ ಎಂದು ಕೊಟ್ಟರೆ ಇತ್ತೀಚಿನ ಹಿಂದಿ ಸಿನಿಮಾ ಬರುತ್ತದೆ. Gandhari Hangal ಎಂದು ಎರಡೂ ಪದವನ್ನು ಒಟ್ಟಿಗೆ ಕೊಟ್ಟು ಹುಡುಕಿ, ಬಳಿಕ गांधारी हनगल ಎಂದು ದೇವನಾಗರಿಯಲ್ಲೂ ಹುಡುಕಿ, ಏಕೆಂದರೆ ಈ ತಟ್ಟೆಗಳನ್ನು ಕೂಡಿಟ್ಟವರಲ್ಲಿ ಮರಾಠಿ ಮನೆಗಳವರು ಬಹಳ. ಆದರೆ ಏರಿಸಿದವರು ಹಳೆಯ ಹೆಸರನ್ನು ಅಳಿಸಿ ಪ್ರಸಿದ್ಧ ಹೆಸರನ್ನಷ್ಟೇ ಹಾಕಿದ್ದರೆ ಈ ಹುಡುಕಾಟ ಯಾವುದೂ ಫಲಿಸುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ. ಗಂಗೂಬಾಯಿ ಎಂಬ ಹೆಸರು ಸೇರಿಸುವುದು ಬೇಕು, ಇಲ್ಲವಾದರೆ ಹೊಸಬರಿಗೆ ದಾರಿ ಸಿಗದು. ಗಾಂಧಾರಿ ಎಂಬ ಹೆಸರು ತೆಗೆಯುವುದು ಮಾತ್ರ ಬೇಡ. ಆ ಹೆಸರಿದ್ದರೆ ಹಾಡು ಯಾವ ಕಾಲದ್ದೆಂದು ಅಂದಾಜಾಗುತ್ತದೆ, ದನಿ ಏಕೆ ಹಾಗಿದೆ ಎಂದೂ ತಿಳಿಯುತ್ತದೆ. ಅದನ್ನು ತೆಗೆದ ಕಡತವನ್ನು ಕೇಳಿದವರು ಗೆಳೆಯರ ತಾಯಿಯಂತೆ ಇದು ಅವರದಲ್ಲ ಎನ್ನುತ್ತಾರೆ, ಇಲ್ಲವೇ ಗೆಳೆಯರಂತೆ ವೇಗ ಇಳಿಸುತ್ತಾರೆ.

ಗೆಳೆಯರು ಮೊನ್ನೆ ಭಾನುವಾರ 78ರ ವೇಗವಿರುವ ಪ್ಲೇಯರನ್ನು ಎರವಲು ತಂದು, ಎಲ್‌ಪಿಯ ಸಣ್ಣ ಮುಳ್ಳಿನ ಬದಲು 78ರ ಅಗಲ ಗೆರೆಗೆ ಹೊಂದುವ ದಪ್ಪ ಮುಳ್ಳು ಹಾಕಿ, ಎರಡೂ ಬದಿಯನ್ನು ಹೊಸದಾಗಿ ಮುದ್ರಿಸಿಕೊಂಡರು. ಕರಕರ ಶಬ್ದ ಸಾಕಷ್ಟು ತಗ್ಗಿದೆ. ಈ ಸಲ ಶೀರ್ಷಿಕೆಯಲ್ಲಿ ಮೊದಲು ಗಾಂಧಾರಿ ಹಾನಗಲ್ ಎಂದು ಬರೆದು, ಮುಂದೆ ಗಂಗೂಬಾಯಿ ಹಾನಗಲ್ ಎಂದು ಹೆಸರಾದವರು ಎಂದು ಸೇರಿಸಿದ್ದಾರೆ. ಕೆಳಗೆ ಎರಡೂ ಬದಿಯ ಮ್ಯಾಟ್ರಿಕ್ಸ್ ಸಂಖ್ಯೆಗಳಿವೆ, ಓಡಿಸಿದ ವೇಗವಿದೆ, ಸವೆದ ಲೇಬಲ್ಲಿನ ಚಿತ್ರವೂ ಇದೆ.