ಏನೂ ಸಿಗಲಿಲ್ಲ ಅಂದರೆ ಫೋಟೊ ಅಸಲಿ ಅಂತಲ್ಲ

“ಹಳೆ ಸ್ಕೂಟರ್ ಜಾಹೀರಾತಿನ ಫೋಟೊವನ್ನು ಗೂಗಲ್ ಲೆನ್ಸ್‌ನಲ್ಲಿ ಹುಡುಕಿದೆ, ಬೇರೆ ಕಡೆ ಎಲ್ಲೂ ಸಿಗಲಿಲ್ಲ. ನಂಬಬಹುದಾ?”

ಅಷ್ಟಕ್ಕೇ ನಂಬಬೇಡಿ. ಲೆನ್ಸ್ ಮೊದಲು ತೋರಿಸುವುದು ಅದೇ ಬಣ್ಣದ, ಅದೇ ಮಾಡೆಲ್‌ನ ಬೇರೆ ಗಾಡಿಗಳನ್ನು. ಅದೇ ಫೋಟೊ ಬೇಕಿದ್ದರೆ Exact matches ಒತ್ತಿ ನೋಡಿ.

ಅಲ್ಲೂ ಸಿಗದಿದ್ದರೆ ಫೋಟೊವನ್ನು ಎಡಬಲ ತಿರುಗಿಸಿ ಮತ್ತೆ ಹುಡುಕಿ. ಕದ್ದವರು ಹಾಗೆ ತಿರುಗಿಸಿ ಹಾಕುವುದುಂಟು. ಸ್ಕೂಟರ್‌ನಲ್ಲಿ ಇದು ಬೇಗ ಗೊತ್ತಾಗುತ್ತದೆ: ಆಕ್ಸಲರೇಟರ್ ಓಡಿಸುವವರ ಬಲಗೈಗೆ ಇರಬೇಕು, ಫೋಟೊದಲ್ಲಿ ಅವರ ಎಡಗೈ ಕಡೆ ಇದ್ದರೆ ತಿರುಗಿಸಿದ್ದಾರೆ ಅಂತಲೇ ಅರ್ಥ. ನಂಬರ್ ಪ್ಲೇಟ್ ಮಸುಕು ಮಾಡಿದ್ದರೂ ಇದನ್ನು ಮರೆಮಾಚಲು ಆಗಲ್ಲ. ಆಮೇಲೆ ಹಿಂದಿನ ಗೇಟು, ಗೋಡೆ ಸೇರುವ ಹಾಗೆ ಕತ್ತರಿಸಿ ಇನ್ನೊಮ್ಮೆ ಹುಡುಕಿ. ಗಾಡಿಗಳು ಒಂದೇ ಥರ ಇರುತ್ತವೆ, ಗೇಟು ಹಾಗಲ್ಲ ಅಲ್ವಾ?

ಸಿಕ್ಕರೂ ತಕ್ಷಣ ಮೋಸ ಅನ್ನಬೇಡಿ. ಒಬ್ಬರೇ ಎರಡು ಕಡೆ ಜಾಹೀರಾತು ಹಾಕಿರಬಹುದು. ಊರು, ಬೆಲೆ, ಓಡಿದ ಕಿಲೋಮೀಟರ್ ಹೋಲಿಸಿ. ಮೈಸೂರಿನ ಗಾಡಿಯ ಫೋಟೊ ಜೈಪುರದ ಹಳೆ ಜಾಹೀರಾತಿನಲ್ಲೂ ಇದ್ದರೆ ಅಲ್ಲಿಗೇ ಬಿಡಿ.

ಲಾಗಿನ್ ಆದರಷ್ಟೇ ಕಾಣುವ ಗುಂಪುಗಳು, ವಾಟ್ಸಾಪ್‌ನಲ್ಲಿ ಓಡಾಡುವ ಫೋಟೊಗಳು ಈ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಅದಕ್ಕೇ ಮುಂಗಡ ಕೊಡುವ ಮೊದಲು ವಿಡಿಯೊ ಕಾಲ್‌ನಲ್ಲಿ ಗಾಡಿ ಸ್ಟಾರ್ಟ್ ಮಾಡಿಸಿ, ಚಾಸಿ ನಂಬರ್ ತೋರಿಸಲು ಹೇಳಿ.